ಏಳು ವರ್ಷ ಬಳಸಿದ ಸ್ಫಟಿಕ ಮಾದರಿ ಕಿಟ್: ಚೆಂಡುಗಳು ಸರಿ, ಕಾರ್ಡು ತಪ್ಪು

ಹುಬ್ಬಳ್ಳಿಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿದ್ಯಾರ್ಥಿಗಳಿಗೆ ಲೋಹಗಳ ಪಾಠ ಮಾಡುತ್ತೇನೆ. ಈ ಕಿಟ್ ಕೊಂಡು ಏಳು ವರ್ಷವಾಯಿತು. ಪ್ರತಿ ವರ್ಷ ಎರಡು ಬ್ಯಾಚಿನ ಕೈಯಲ್ಲಿ ಓಡಾಡಿದೆ. ಕೊಳ್ಳಬೇಕೆನ್ನುವ ಮೇಷ್ಟ್ರುಗಳಿಗೆ ಉಪಯೋಗವಾಗಲಿ ಎಂದು ವಿವರವಾಗಿ ಬರೆಯುತ್ತಿದ್ದೇನೆ.

ಡಬ್ಬಿಯಲ್ಲಿ ಬಂದದ್ದು ಇಷ್ಟು: 19 ಕುಳಿಗಳಿರುವ ಷಟ್ಕೋನಾಕಾರದ ಪಾರದರ್ಶಕ ತಟ್ಟೆ, 40 ಮಿ.ಮೀ. ವ್ಯಾಸದ 44 ಚೆಂಡುಗಳು (ಕೆಂಪು 26, ಹಳದಿ 12, ನೀಲಿ 6), ದಿಕ್ಕು ತೋರಿಸಲು ನಾಲ್ಕು ತೆಳು ಸ್ಟೀಲ್ ಕಡ್ಡಿ, ತಲಗಳನ್ನು ತೋರಿಸಲು ಪ್ಲಾಸ್ಟಿಕ್ ಹಾಳೆಗಳು, ಸೂಚ್ಯಂಕಗಳನ್ನು ಬರೆದ ಒಂದು ದಪ್ಪ ಕಾರ್ಡು. ತಟ್ಟೆಯ ಅಂಚಿನ ಮೇಲೆ a1, a2, a3 ಎಂದು ಮೂರು ಬಾಣಗಳಿವೆ, ಒಂದಕ್ಕೊಂದು 120 ಡಿಗ್ರಿ ಅಂತರದಲ್ಲಿ. ನೆಟ್ಟಗೆ ಮೇಲಕ್ಕೆ ಹೋಗುವುದು c.

ಕಿಟ್‌ನ ಬೆಲೆ ಸಾರ್ಥಕವಾಗುವುದು ಮೂರನೇ ಪದರು ಇಡುವಾಗ. ಮೊದಲ ಪದರಿಗೆ 19 ಕೆಂಪು ಚೆಂಡು. ಇದು ಎ ಪದರು. ಮೂರು ಚೆಂಡು ಸೇರುವ ಕಡೆಯಲ್ಲೆಲ್ಲ ಒಂದು ತಗ್ಗು ಇರುತ್ತದೆ, ಆದರೆ ಎಲ್ಲ ತಗ್ಗುಗಳನ್ನೂ ಒಟ್ಟಿಗೆ ತುಂಬಲು ಆಗುವುದಿಲ್ಲ. ಒಂದು ಬಿಟ್ಟು ಒಂದು ತುಂಬಬೇಕು. 24 ತಗ್ಗುಗಳಲ್ಲಿ 12ಕ್ಕೆ ಹಳದಿ ಚೆಂಡು ಕೂರುತ್ತವೆ. ಇದು ಬಿ ಪದರು. ಉಳಿದ 12 ತಗ್ಗು ಖಾಲಿ. ಆ ಜಾಗಕ್ಕೆ ಸಿ ಎಂದು ಹೆಸರು.

ಇಲ್ಲಿಯವರೆಗೆ ಎಚ್‌ಸಿಪಿ, ಎಫ್‌ಸಿಸಿ ಎಂಬ ಭೇದವೇ ಇಲ್ಲ. ಎರಡು ಪದರು ನೋಡಿ ಯಾವುದೆಂದು ಯಾರೂ ಹೇಳಲಾರರು. ಮೂರನೆಯದನ್ನು ಇಡುವಾಗ ಮಾತ್ರ ಎರಡು ದಾರಿ ತೆರೆಯುತ್ತವೆ. ಕೆಳಗಿನ ಕೆಂಪು ಚೆಂಡುಗಳ ನೇರಕ್ಕೇ ಮತ್ತೆ ಕೆಂಪು ಇಟ್ಟರೆ ಏಳು ಚೆಂಡು ಕೂರುತ್ತವೆ, ನಡುವೆ ಒಂದು, ಸುತ್ತ ಆರು. ಇದೇ ಎಬಿಎಬಿ, ಅಂದರೆ ಎಚ್‌ಸಿಪಿ. ಖಾಲಿ ಉಳಿದ ಸಿ ಜಾಗದ ಮೇಲೆ ನೀಲಿ ಇಟ್ಟರೆ ಆರೇ ಚೆಂಡು ಕೂರುತ್ತವೆ, ಮೂರು, ಎರಡು, ಒಂದು ಎಂದು ತ್ರಿಕೋನವಾಗಿ. ಇದು ಎಬಿಸಿ, ಅಂದರೆ ಎಫ್‌ಸಿಸಿ. ಮೇಲೆ ಏಳು ಕೂತವೋ ಆರು ಕೂತವೋ ಎಂದು ಎಣಿಸಿದರೆ ಸಾಕು, ಹುಡುಗರು ಏನು ಕಟ್ಟಿದ್ದಾರೆ ಎಂದು ಬೆಂಚಿನ ಆ ಕಡೆಯಿಂದಲೇ ನನಗೆ ಗೊತ್ತಾಗುತ್ತದೆ.

ತಟ್ಟೆ ಪಾರದರ್ಶಕವಾಗಿರುವುದರಿಂದ ಇನ್ನೊಂದು ಪರೀಕ್ಷೆ ಸಾಧ್ಯ. ಎಚ್‌ಸಿಪಿ ರಾಶಿಯ ಕೆಳಗೆ ಮೊಬೈಲ್ ಟಾರ್ಚ್ ಇಟ್ಟು ಮೇಲಿನಿಂದ ನೆಟ್ಟಗೆ ನೋಡಿ. ನಡುವಿನ ಚೆಂಡಿನ ಸುತ್ತ ಮೂರು ಬೆಳಕಿನ ಚುಕ್ಕಿ ಕಾಣುತ್ತವೆ. ಎಷ್ಟೇ ಪದರು ಪೇರಿಸಿದರೂ ಸಿ ಜಾಗಕ್ಕೆ ಯಾರೂ ಬರುವುದಿಲ್ಲವಾದ್ದರಿಂದ ಅದು c ಅಕ್ಷದ ಉದ್ದಕ್ಕೂ ಕೊಳವೆಯ ಹಾಗೆ ತೆರೆದೇ ಇರುತ್ತದೆ. ಎಫ್‌ಸಿಸಿಯಲ್ಲಿ ನೀಲಿ ಚೆಂಡುಗಳು ಅದೇ ಜಾಗದಲ್ಲಿ ಕೂತು ಮುಚ್ಚಿಬಿಡುತ್ತವೆ, ಆ ಮೂರೂ ಚುಕ್ಕಿ ಮಾಯ. ಕ್ಲಾಸಿನ ಕಿಟಕಿ ಮುಚ್ಚಿ ಇದನ್ನು ಮಾಡಿದ ದಿನ ಹಿಂದಿನ ಬೆಂಚಿನವರೂ ಎದ್ದು ಮುಂದೆ ಬಂದು ಬಗ್ಗಿ ನೋಡುತ್ತಾರೆ.

ಒಂದು ಎಚ್ಚರಿಕೆ. ಎರಡೂ ರಚನೆಗಳಲ್ಲಿ ಒಂದು ಚೆಂಡಿಗೆ ಹನ್ನೆರಡೇ ನೆರೆಯವರು, ಜಾಗದಲ್ಲಿ ಶೇ. 74ರಷ್ಟೇ ತುಂಬಿರುತ್ತದೆ. ಹಾಗಾದರೆ ಪೇರಿಸುವ ಕ್ರಮ ಬದಲಾದರೆ ಆಗುವುದೇನು ಎಂದು ಹುಡುಗರು ಕೇಳಿಯೇ ಕೇಳುತ್ತಾರೆ. ಉತ್ತರ ರಾಶಿಯ ಪಕ್ಕಗಳಲ್ಲಿದೆ. ಎಫ್‌ಸಿಸಿ ರಾಶಿಯ ಪಕ್ಕದಲ್ಲಿ ಒಂದು ಇಳಿಜಾರು ಹುಡುಕಿ: ಕೆಳಗೆ ಮೂರು ಕೆಂಪು, ಅದರ ಮೇಲೆ ಎರಡು ಹಳದಿ, ಮೇಲೆ ಒಂದು ನೀಲಿ. ನೆತ್ತಿಯ ಮೇಲಿನ ನೀಲಿ ತ್ರಿಕೋನ ಹೇಗಿದೆಯೋ ಇದೂ ತದ್ವತ್ ಹಾಗೆಯೇ. ಅಂಥ ಇಳಿಜಾರು ಮೂರು ಇವೆ. ಅಂದರೆ ಒತ್ತೊತ್ತಾಗಿ ಜೋಡಿಸಿದ ತಲ ಎಫ್‌ಸಿಸಿಯಲ್ಲಿ ನಾಲ್ಕು ದಿಕ್ಕಿಗೆ ಸಿಗುತ್ತದೆ. ಎಚ್‌ಸಿಪಿಯಲ್ಲಿ ಎಷ್ಟು ತಿರುಗಿಸಿದರೂ ಪಕ್ಕದಲ್ಲಿ ಅಂಥ ತಲ ಇಲ್ಲ. ಅಡ್ಡಲಾಗಿ ಮಲಗಿರುವ (0001) ಒಂದೇ. ಪದರುಗಳು ಜಾರುವುದು ಹೆಚ್ಚಾಗಿ ಇಂಥ ತಲಗಳ ಮೇಲೆಯೇ. ತಾಮ್ರದ ತಂತಿ ಎತ್ತ ಬಗ್ಗಿಸಿದರೂ ಬಗ್ಗುತ್ತದೆ, ಮೆಗ್ನೀಸಿಯಂ ತಣ್ಣಗಿರುವಾಗ ಬಗ್ಗಿಸಹೋದರೆ ಬೇಗ ಬಿರುಕು ಬಿಡುತ್ತದೆ ಎನ್ನುವುದಕ್ಕೆ ಇಷ್ಟು ಕಣ್ಣಾರೆ ಕಂಡ ಮೇಲೆ ವಿವರಣೆ ಹೇಳುವುದು ಸಲೀಸು.

ಇನ್ನು ಕಾರ್ಡಿನ ವಿಷಯ. ಇದರ ಬಗ್ಗೆ ನನಗೆ ನಿಜವಾದ ಬೇಸರವಿದೆ.

ಋಣ ಅಂಕೆಗೆ ಪುಸ್ತಕದಲ್ಲಿ ತಲೆಯ ಮೇಲೆ ಗೆರೆ ಎಳೆಯುತ್ತಾರೆ. ಇಲ್ಲಿ ಮೈನಸ್ ಹಾಕುತ್ತೇನೆ. ಷಟ್ಕೋನ ಕಂಬದ ಆರು ಪಕ್ಕಗಳೂ ಒಂದೇ ಬಗೆಯವು. ಆದರೆ ಮೂರಂಕೆಯಲ್ಲಿ ಬರೆದರೆ ಒಂದು ಪಕ್ಕ (1 0 0), ಅದರ ಪಕ್ಕದ್ದು (1 -1 0) ಎಂದಾಗುತ್ತದೆ. ನೋಡಿದರೆ ಬೇರೆ ಬೇರೆ ಜಾತಿ ಎನಿಸುತ್ತದೆ. ಮೂರನೆಯ ಅಕ್ಷವನ್ನೂ ಸೇರಿಸಿ ನಾಲ್ಕಂಕೆ ಮಾಡಿದರೆ ಅವೇ (1 0 -1 0), (1 -1 0 0) ಆಗುತ್ತವೆ. ಅದೇ ಅಂಕೆಗಳು ಜಾಗ ಬದಲಿಸಿವೆ ಅಷ್ಟೇ, ಒಂದೇ ಕುಟುಂಬವೆಂದು ಕಣ್ಣಿಗೆ ಹೊಡೆಯುತ್ತದೆ. ತಲಗಳಿಗೆ ಇದು ಸುಲಭ. ಮೊದಲೆರಡು ಅಂಕೆ ಕೂಡಿಸಿ, ಚಿಹ್ನೆ ಬದಲಿಸಿ, ಮೂರನೇ ಜಾಗದಲ್ಲಿ ಬರೆದರಾಯಿತು: i = -(h+k). ತಲವೊಂದು a1, a2 ಅಕ್ಷಗಳನ್ನು ಎಲ್ಲಿ ಕತ್ತರಿಸುತ್ತದೆ ಎಂದು ಗೊತ್ತಾದರೆ a3ಯನ್ನು ಎಲ್ಲಿ ಕತ್ತರಿಸಬೇಕೆಂಬುದು ತಾನಾಗಿಯೇ ನಿಶ್ಚಯವಾಗಿರುತ್ತದೆ, ಅದಕ್ಕೇ ಮೊದಲೆರಡು ಅಂಕೆ ಬದಲಾಗುವುದಿಲ್ಲ.

ಕಾರ್ಡು ಮಾಡಿದವರು ದಿಕ್ಕುಗಳಿಗೂ ಇದನ್ನೇ ಮಾಡಿದ್ದಾರೆ. ‘[1 0 0] ಅಂದರೆ [1 0 -1 0]’ ಎಂದು ಅಚ್ಚಾಗಿತ್ತು. ಮೊದಲ ವರ್ಷ ನನ್ನ ಕಣ್ಣಿಗೂ ಬೀಳಲಿಲ್ಲ. ಎರಡನೇ ವರ್ಷ ಕುಂದಗೋಳ ಕಡೆಯ ಒಬ್ಬ ಹುಡುಗಿ ಕಡ್ಡಿ ಹಿಡಿದುಕೊಂಡು ಬಂದಳು. “ಸರ್, ಕಾರ್ಡ್‌ನಾಗ ಎರಡೂ ಒಂದಽ ಅಂತ ಬರದಾರ. ಆದ್ರ ಹೆಜ್ಜಿ ಎಣಿಸಿ ಹೋದ್ರ ಕಡ್ಡಿ ಬ್ಯಾರೆ ಕಡೆ ಹೊಂಟತಿ ನೋಡ್ರಿ.”

ಅವಳು ಮಾಡಿದ್ದನ್ನೇ ನೀವೂ ಮಾಡಿ ನೋಡಿ. ತಟ್ಟೆಯ ನಡುವಿನ ಚೆಂಡಿನಿಂದ ಹೊರಡಿ. [1 0 0] ಎಂದರೆ a1 ಬಾಣದ ಕಡೆ ಒಂದು ಹೆಜ್ಜೆ. ತಾಗಿಕೊಂಡೇ ಇರುವ ಪಕ್ಕದ ಚೆಂಡಿಗೆ ಬಂದಿರಿ, ದೂರ 40 ಮಿ.ಮೀ. ಈಗ ಮತ್ತೆ ನಡುವಿನಿಂದ [1 0 -1 0]: a1 ಕಡೆ ಒಂದು ಹೆಜ್ಜೆ, a2 ಕಡೆ ಏನೂ ಇಲ್ಲ, a3ಗೆ ಬೆನ್ನು ಹಾಕಿ ಒಂದು ಹೆಜ್ಜೆ. ನೀವು ತಲುಪುವುದು ತಟ್ಟೆಯ ಅಂಚಿನ ಸಾಲಿನಲ್ಲಿ ಮೂಲೆಯ ಚೆಂಡನ್ನಲ್ಲ, ಎರಡು ಮೂಲೆಗಳ ನಡುವೆ ಇರುವ ಚೆಂಡನ್ನು. ಕಡ್ಡಿ a1ರಿಂದ 30 ಡಿಗ್ರಿ ತಿರುಗಿರುತ್ತದೆ, ದೂರ 69 ಮಿ.ಮೀ. ಆಗಿರುತ್ತದೆ, ಹಾದಿಯಲ್ಲಿ ಎರಡು ಚೆಂಡುಗಳು ಒಂದನ್ನೊಂದು ತಾಗುವ ಜಾಗದ ಮೇಲಿಂದ ಹೋಗುತ್ತದೆ. ಇದು ಒತ್ತಾದ ಸಾಲಲ್ಲವೇ ಅಲ್ಲ.

ಕಾರಣ ಇಷ್ಟೇ: a3ಯ ಮೇಲೆ ಇಡುವ ಹೆಜ್ಜೆ ನಿಮ್ಮನ್ನು ನಿಜವಾಗಿಯೂ ಬೇರೆ ಕಡೆಗೆ ಒಯ್ಯುತ್ತದೆ. ಹೊಸ ಅಂಕೆ ಸೇರಿಸಿದರೆ ಹಳೆಯ ಎರಡು ಅಂಕೆಗಳನ್ನು ಅದಕ್ಕೆ ತಕ್ಕಂತೆ ತಿದ್ದಲೇಬೇಕು. ಮೂರಂಕೆ [U V W] ಇದ್ದರೆ ನಾಲ್ಕಂಕೆ [u v t w] ಪಡೆಯುವುದು ಹೀಗೆ:

```
u = (2U - V)/3
v = (2V - U)/3
t = -(u + v)
w = W
```

[1 0 0] ಹಾಕಿದರೆ 2/3, -1/3, -1/3, 0 ಬರುತ್ತದೆ. ಮೂರರಿಂದ ಗುಣಿಸಿದರೆ [2 -1 -1 0]. ತಾಳೆ ನೋಡುವುದು ಇನ್ನೂ ಸುಲಭ: ನಾಲ್ಕಂಕೆಯಿಂದ ಹಿಂದಕ್ಕೆ ಬರಲು U = u - t, V = v - t. ಕಾರ್ಡಿನ [1 0 -1 0] ಹೀಗೆ ತಿರುಗಿಸಿದರೆ [2 1 0] ಆಗುತ್ತದೆ, [1 0 0] ಅಲ್ಲ.

[2 -1 -1 0] ಅನ್ನು ನಡೆದು ತೋರಿಸೋಣವೆಂದರೆ 19 ಕುಳಿಯ ತಟ್ಟೆ ಸಾಲದು. a1 ಕಡೆ ಎರಡು ಹೆಜ್ಜೆ ಇಟ್ಟರೆ ಮೂಲೆ ಬಂತು, ಮುಂದಿನ ಹೆಜ್ಜೆ ತಟ್ಟೆಯ ಹೊರಗೆ. ಅದೇ ಹುಡುಗಿ ಪಡಸಾಲೆಯಲ್ಲಿ ರಂಗೋಲಿ ಇಟ್ಟು ದಾರಿ ಮಾಡಿದಳು. 7ರಿಂದ 4ರವರೆಗೆ ಸಂದು ಚುಕ್ಕಿ ಇಟ್ಟರೆ 37 ಚುಕ್ಕಿಯ ಷಟ್ಕೋನವಾಗುತ್ತದೆ. ಅದೇ ಒಂದು ಎ ಪದರು. ನಡುವಿನ ಚುಕ್ಕಿಯಿಂದ a1 ಕಡೆ ಎರಡು, a2ಗೆ ವಿರುದ್ಧ ಒಂದು, a3ಗೆ ವಿರುದ್ಧ ಒಂದು. ನೆಟ್ಟಗೆ a1 ಸಾಲಿನ ಮೂರನೇ ಚುಕ್ಕಿಯ ಮೇಲೆ ಬಂದು ನಿಂತೆವು. ದಿಕ್ಕು a1ದೇ, ಎಳ್ಳಷ್ಟೂ ತಪ್ಪಿಲ್ಲ. ಅಂದಿನಿಂದ ಪ್ರತಿ ವರ್ಷ ಈ ಪಾಠ ಪಡಸಾಲೆಯಲ್ಲಿಯೇ.

ತಯಾರಕರಿಗೆ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ಕಾರ್ಡಿನ ಮೇಲೆ ತಿದ್ದಿದ ಹಾಳೆ ಅಂಟಿಸಿದ್ದೇನೆ. ಕೊಳ್ಳುವವರು ಮೊದಲು ಆ ಒಂದು ಸಾಲು ನೋಡಿ. ತಲಗಳ ಪಟ್ಟಿ ಪೂರ್ತಿ ಸರಿ ಇದೆ, ಎಲ್ಲವನ್ನೂ ತಾಳೆ ನೋಡಿದ್ದೇನೆ.

ಕಿಟ್‌ನ ಇನ್ನೊಂದು ಮಿತಿ ತಯಾರಕರ ತಪ್ಪಲ್ಲ, ಗಟ್ಟಿ ಚೆಂಡುಗಳ ಸ್ವಭಾವ. ಒಂದನೇ ಪದರಿನ ನೆತ್ತಿಯಿಂದ ಮೂರನೇ ಪದರಿನ ನೆತ್ತಿಯವರೆಗೆ ಅಳೆದರೆ ನನಗೆ 65 ಮಿ.ಮೀ. ಬರುತ್ತದೆ. 40ರಿಂದ ಭಾಗಿಸಿದರೆ c/a 1.63 ಸಿಗುತ್ತದೆ, ಲೆಕ್ಕದ ಪ್ರಕಾರ 1.633. ಮೆಗ್ನೀಸಿಯಂ 1.624, ಹತ್ತಿರದಲ್ಲಿದೆ. ಆದರೆ ಸತುವಿನದು 1.856. ಅದರಲ್ಲಿ ಪದರುಗಳ ನಡುವೆ ಹೆಚ್ಚು ಅಂತರ. ಒಂದೇ ಪದರಿನ ಆರು ನೆರೆಯವರು 2.66 ಆಂಗ್‌ಸ್ಟ್ರಮ್ ದೂರದಲ್ಲಿದ್ದರೆ ಮೇಲೆ ಕೆಳಗಿನ ಆರು 2.91ರಲ್ಲಿ. ಹನ್ನೆರಡು ನೆರೆಯವರು ಎನ್ನುವುದು ಅಲ್ಲಿ ಆರು ಹತ್ತಿರ, ಆರು ಸ್ವಲ್ಪ ದೂರ ಎಂದಾಗುತ್ತದೆ. ಇದನ್ನು ತೋರಿಸಲು 12 ಹಳದಿ ಚೆಂಡುಗಳನ್ನು ಒಂದಕ್ಕೊಂದು ಅಂಟಿಸಿ, ಮೂಲೆಗಳಿಗೆ ಆಧಾರ ಕೊಟ್ಟು, ಕೆಂಪು ಪದರಿನಿಂದ ನಾಲ್ಕೂವರೆ ಮಿ.ಮೀ. ಮೇಲೆತ್ತಿ ನಿಲ್ಲಿಸಿದೆ. ಅಂಟಿಸಿದ ಆ ಪದರು ಮತ್ತೆ ಬಿಡಿಸಲು ಬರಲಿಲ್ಲ, ಬೇರೆ 12 ಚೆಂಡು ತರಬೇಕಾಯಿತು.

ಬಾಳಿಕೆಯ ಬಗ್ಗೆ ದೂರಿಲ್ಲ. ಹಳದಿ ಬಣ್ಣ ಮಾಸಿದೆ, ತಟ್ಟೆಯ ಒಂದು ಮೂಲೆ ಸೀಳಿದೆ. ಕಳೆದುಹೋದ ಚೆಂಡುಗಳ ಬದಲಿಗೆ ಕೊಪ್ಪಿಕರ್ ರಸ್ತೆಯಲ್ಲಿ ಟೇಬಲ್ ಟೆನಿಸ್ ಚೆಂಡು ಕೊಂಡೆ. ಅವೂ 40 ಮಿ.ಮೀ., ಕುಳಿಯಲ್ಲಿ ಸರಿಯಾಗಿ ಕೂರುತ್ತವೆ. ಹಗುರವಾದ್ದರಿಂದ ಫ್ಯಾನ್ ಗಾಳಿಗೆ ಮೇಲಿನ ಪದರು ಉರುಳುತ್ತದೆ, ಆದ್ದರಿಂದ ಅವನ್ನು ಕೆಳಗಿನ ಪದರಿಗೆ ಮಾತ್ರ ಬಳಸಿ. ಒಂದೇ ಕಿಟ್ ಕೊಂಡರೆ ಎರಡು ರಚನೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಲು ಆಗದು. ದುಡ್ಡು ಒದಗಿದರೆ ಎರಡು ತೆಗೆದುಕೊಳ್ಳಿ, ಒಂದರಲ್ಲಿ ಮೇಲೆ ಏಳು ಕೆಂಪು, ಇನ್ನೊಂದರಲ್ಲಿ ಆರು ನೀಲಿ ಇಟ್ಟು ಎರಡರ ಕೆಳಗೂ ಟಾರ್ಚ್ ಹಚ್ಚಿ.