ಶ್ರವಣ ಸಾಧನದ ಜರ್ಮನ್ ಆ್ಯಪ್: 14 ತಿಂಗಳ ಬಳಕೆಯ ನಂತರ

ಈ ಸಾಧನ ಸಿರ್ಸಿಯ ಒಂದು ಪೂರ್ತಿ ಮಳೆಗಾಲವನ್ನು ಕಂಡಿದೆ, ಎರಡನೆಯದರೊಳಗೆ ಕಾಲಿಟ್ಟಿದೆ. ಕಿವಿಯ ಹಿಂದೆ ಕೂರುವ ಈ ಜೋಡಿಯನ್ನು ಜರ್ಮನಿಯಲ್ಲಿರುವ ಮಗಳು ಕಳೆದ ವರ್ಷ ಮೇ ತಿಂಗಳಲ್ಲಿ ತಂದುಕೊಟ್ಟಳು. ಬೆಲೆ ಎಷ್ಟೆಂದು ಅವಳು ಇನ್ನೂ ಹೇಳಿಲ್ಲ, ನಾನೂ ಒತ್ತಾಯಿಸಿ ಕೇಳಿಲ್ಲ. ಜೊತೆಗೆ ತಾನು ಬಳಸಿ ಬಿಟ್ಟಿದ್ದ ಮೊಬೈಲನ್ನೂ ಕೊಟ್ಟಳು. ಅದರ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ನನ್ನ ಕಣ್ಣಿಗೆ ಅನುಕೂಲವಾಗಲೆಂದು ಅಕ್ಷರಗಳನ್ನು ಅತಿ ದೊಡ್ಡದು ಮಾಡಿದ್ದಳು. ಮೊಬೈಲು ಕನ್ನಡವಾದರೂ ಸಾಧನದ ಆ್ಯಪ್ ಮಾತ್ರ ಜರ್ಮನ್ ಭಾಷೆಯಲ್ಲೇ ಉಳಿಯಿತು. ಈ ವಿಮರ್ಶೆಯ ಬಹುಪಾಲು ಅದರಿಂದ ನಾನು ಪಟ್ಟ ಪಾಡಿನ ಬಗ್ಗೆಯೇ ಇದೆ.

ಮೊದಲ ವಾರದಲ್ಲಿ ವಿಡಿಯೋ ಕರೆಯಲ್ಲಿ ಮಗಳು ಹೇಳಿದ್ದನ್ನು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. Lautstärke ಎಂದರೆ ಧ್ವನಿಯ ಮಟ್ಟ, Links ಎಡಗಿವಿ, Rechts ಬಲಗಿವಿ, Speichern ಎಂದರೆ ಉಳಿಸು. ಅಷ್ಟರಲ್ಲಿ ಅವಳ ರಜೆ ಮುಗಿದು ಕೆಲಸ ಶುರುವಾಯಿತು. ಉಳಿದ ಪದಗಳನ್ನು ಕ್ಯಾಮೆರಾ ಹಿಡಿದರೆ ಅನುವಾದಿಸಿ ತೋರಿಸುವ ಇನ್ನೊಂದು ಆ್ಯಪ್‌ನಿಂದ ತಿಳಿದುಕೊಳ್ಳಬಹುದೆಂದು ನಾನೇ ಧೈರ್ಯ ಮಾಡಿದೆ.

Lautstärke ಕೆಳಗೆ ಇನ್ನೊಂದು ಸರಿಸುವ ಪಟ್ಟಿ ಇತ್ತು. ಅದರ ಶೀರ್ಷಿಕೆ ನನ್ನ ಪರದೆಯ ಮೇಲೆ "Störgeräusch…" ಎಂದು ಕಾಣುತ್ತಿತ್ತು, ಎಡತುದಿಯಲ್ಲಿ schwach, ಬಲತುದಿಯಲ್ಲಿ stark ಎಂದಿತ್ತು. ಅನುವಾದದ ಆ್ಯಪ್ ಇವನ್ನು ಕ್ರಮವಾಗಿ ಅಡಚಣೆಯ ಶಬ್ದ, ದುರ್ಬಲ, ಬಲವಾದ ಎಂದು ತೋರಿಸಿತು. ಮಳೆಯ ಸದ್ದು ನನಗೆ ಬೇಡವಾಗಿತ್ತು. ಆದ್ದರಿಂದ ಅಡಚಣೆಯ ಶಬ್ದವನ್ನು ದುರ್ಬಲ ಮಾಡಬೇಕೆಂದು ಪಟ್ಟಿಯನ್ನು ಎಡತುದಿಗೆ ಸರಿಸಿದೆ. ಇದರಲ್ಲಿ ತಪ್ಪಿದೆ ಎಂದು ಯಾರಿಗೂ ಅನಿಸುವುದಿಲ್ಲ.

ಜುಲೈ ತಿಂಗಳಿಡೀ ಹಂಚಿನ ಮಾಡಿನ ಮೇಲೆ ಬೀಳುವ ಮಳೆ ನನ್ನ ತಲೆಯೊಳಗೇ ಬೀಳುತ್ತಿರುವಂತೆ ಕೇಳಿಸಿತು. ಜಗಲಿಯಲ್ಲಿ ಎದುರು ಕುಳಿತವರ ಮಾತು ಸಿಗಲಿಲ್ಲವೆಂದು Lautstärke ಏರಿಸಿದರೆ ಮಾತಿನೊಂದಿಗೆ ಮಳೆಯೂ ಅಷ್ಟೇ ಏರುತ್ತಿತ್ತು. ಧ್ವನಿಯ ಮಟ್ಟಕ್ಕೆ ಬೇಕಾದ ಸದ್ದು, ಬೇಡದ ಸದ್ದು ಎಂಬ ಭೇದವಿಲ್ಲ. ಇನ್ನೊಂದು ವಿಚಿತ್ರವೆಂದರೆ, ಮಟ್ಟ ಏರಿಸಿದಾಗ ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸುತ್ತಿದ್ದುದರಿಂದ ನಾನು ಅರಿವಿಲ್ಲದೆ ಸಣ್ಣ ದನಿಯಲ್ಲಿ ಮಾತನಾಡತೊಡಗಿದೆ. ಕಿವಿ ಕೇಳದಿರುವುದು ನನಗೋ ತನಗೋ ಎಂದು ಹೆಂಡತಿ ರೇಗಿದಳು. ಸಾಧನವನ್ನು ತೆಗೆದು ಡಬ್ಬಿಯಲ್ಲಿಟ್ಟು ಎರಡು ದಿನ ಮುಟ್ಟಲಿಲ್ಲ.

ತಪ್ಪು ಗೊತ್ತಾದದ್ದು ಆಗಸ್ಟಿನಲ್ಲಿ, ಅದೂ ಆಕಸ್ಮಿಕವಾಗಿ. ಮೊಬೈಲನ್ನು ಅಡ್ಡ ಹಿಡಿದಾಗ ಪರದೆ ತಿರುಗಿ ಶೀರ್ಷಿಕೆ ಪೂರ್ತಿಯಾಗಿ ಕಾಣಿಸಿತು: Störgeräuschunterdrückung. ಒಟ್ಟು 25 ಅಕ್ಷರಗಳ ಒಂದೇ ಪದ. ನನ್ನ ದೊಡ್ಡ ಅಕ್ಷರದ ಪರದೆಯಲ್ಲಿ ಅದರ ಮೊದಲ 12 ಅಕ್ಷರಗಳಿಗಷ್ಟೇ ಜಾಗವಿತ್ತು. ಉಳಿದ Unterdrückung ಎಂಬ ಭಾಗಕ್ಕೆ ಅಡಗಿಸುವುದು ಎಂಬ ಅರ್ಥ. ನಾನು ದುರ್ಬಲಗೊಳಿಸಿದ್ದು ಗದ್ದಲವನ್ನಲ್ಲ, ಗದ್ದಲವನ್ನು ಅಡಗಿಸುವ ಶಕ್ತಿಯನ್ನು! ಎರಡು ತಿಂಗಳು ಪಟ್ಟಿಯನ್ನು ತಿರುಗುಮುರುಗಾಗಿ ಇಟ್ಟುಕೊಂಡು ಕಂಪನಿಯನ್ನು ಬೈದಿದ್ದೆ. ಆದರೂ ಶ್ರವಣ ಸಾಧನ ಬಳಸುವವರಲ್ಲಿ ಹೆಚ್ಚಿನವರು ವಯಸ್ಸಾದವರು, ದೊಡ್ಡ ಅಕ್ಷರವಿಲ್ಲದೆ ಓದಲಾರದವರು ಎಂಬುದನ್ನು ಆ್ಯಪ್ ಮಾಡಿದವರು ಯೋಚಿಸಬೇಕಿತ್ತು. ಅರ್ಧ ಬೈಗುಳವನ್ನು ನಾನು ಇನ್ನೂ ಹಿಂತೆಗೆದುಕೊಂಡಿಲ್ಲ.

ಇಂಥ ಪಟ್ಟಿಯ ದಿಕ್ಕನ್ನು ಪದ ಓದದೆಯೂ ಪರೀಕ್ಷಿಸಬಹುದೆಂದು ಆಮೇಲೆ ಹೊಳೆಯಿತು. ಯಾರೂ ಮಾತನಾಡದ ಕೋಣೆಯಲ್ಲಿ ಫ್ಯಾನನ್ನು ಜೋರಾಗಿ ಹಾಕಿ ಕುಳಿತುಕೊಳ್ಳಬೇಕು. ಪಟ್ಟಿಯನ್ನು ಒಂದು ತುದಿಗೆ ಸರಿಸಿ ಹತ್ತಕ್ಕೆ ಎಣಿಸಬೇಕು, ಮತ್ತೆ ಇನ್ನೊಂದು ತುದಿಗೆ ಸರಿಸಿ ಹತ್ತಕ್ಕೆ ಎಣಿಸಬೇಕು. ಫ್ಯಾನಿನ ಸದ್ದು ಮೆಲ್ಲಗೆ ಹಿಂದೆ ಸರಿದಂತೆ ಕೇಳಿಸಿದ ತುದಿಯೇ ಬಲವಾದ ತಡೆಯ ತುದಿ. ಎಣಿಸುವುದು ಏಕೆಂದರೆ ಸಾಧನ ಸದ್ದನ್ನು ಗುರುತಿಸಲು ಕೆಲವು ಕ್ಷಣ ತೆಗೆದುಕೊಳ್ಳುತ್ತದೆ. ಮಾತು ಅಕ್ಷರ ಅಕ್ಷರಕ್ಕೂ ಏರಿಳಿಯುತ್ತದೆ, ಫ್ಯಾನು, ಮಿಕ್ಸರು, ಹಂಚಿನ ಮೇಲಿನ ಜಡಿಮಳೆ ಏರಿಳಿಯದೆ ಒಂದೇ ಸಮನೆ ಹರಿಯುತ್ತವೆ. ಏರಿಳಿತ ಕಡಿಮೆ ಇರುವ ಸ್ವರದ ಭಾಗಗಳನ್ನು ಹುಡುಕಿ ಸಾಧನ ಅವನ್ನಷ್ಟೇ ತಗ್ಗಿಸುತ್ತದೆ. ಆದ್ದರಿಂದಲೇ ಮದುವೆ ಊಟದ ಪಂಕ್ತಿಯಲ್ಲಿ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಅಲ್ಲಿ ಗದ್ದಲವೂ ಮಾತೇ.

ಪಟ್ಟಿಯನ್ನು stark ಕಡೆಗೆ ಸರಿಸಿದ ಸಂಜೆಯಿಂದ ಈ ಸಾಧನದ ಮೇಲಿನ ನನ್ನ ಸಿಟ್ಟು ಇಳಿಯತೊಡಗಿತು. ಮಳೆ ನಿಂತುಹೋಗಲಿಲ್ಲ, ಅಂಗಳದಾಚೆಗೆ ಹೋಯಿತು. ಹೆಂಡತಿಯ ಮಾತು ಮೊದಲಿಗಿಂತ ಸ್ಪಷ್ಟವಾಯಿತೆಂದು ಹೇಳಲಾರೆ, ಆದರೆ ಅದನ್ನು ಹಿಡಿಯಲು ಹೆಣಗಿ ರಾತ್ರಿ ಎಂಟಕ್ಕೆಲ್ಲ ತಲೆ ಸಿಡಿಯುತ್ತಿದ್ದುದು ನಿಂತಿತು. ಮಲಗುವ ಮುನ್ನ ಎರಡನ್ನೂ ಒಣ ಬಟ್ಟೆಯಿಂದ ಒರೆಸಿ, ಸಣ್ಣ ಬ್ರಷ್‌ನಿಂದ ಗುಗ್ಗೆ ತೆಗೆದು, ಚಾರ್ಜಿಂಗ್ ಡಬ್ಬಿಯಲ್ಲಿಟ್ಟು ಹಸಿರು ದೀಪ ಮಿಣುಕುವುದನ್ನು ನೋಡಿದ ಮೇಲೆಯೇ ಈಗ ನನಗೆ ನಿದ್ದೆ.

ಭಾಷೆಯ ಗುಟ್ಟು ಬಯಲಾದದ್ದು ನವೆಂಬರಿನಲ್ಲಿ ಮಗಳು ಮತ್ತೆ ಬಂದಾಗ. ಮೊಬೈಲಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಒಂದನೆಯದಾಗಿ, ಅವಳ ಹಳೆಯ Deutsch ಎರಡನೆಯದಾಗಿ ಉಳಿದಿತ್ತು. ಆ್ಯಪ್‌ನಲ್ಲಿ ಕನ್ನಡ ಇಲ್ಲದ್ದರಿಂದ ಅದು ಪಟ್ಟಿಯಲ್ಲಿ ಮುಂದಿನ ಭಾಷೆಯನ್ನು ಎತ್ತಿಕೊಂಡಿತ್ತು. Deutsch ತೆಗೆದು ಇಂಗ್ಲಿಷ್ ಸೇರಿಸಿದ್ದೇ ತಡ, ಆ್ಯಪ್ ಇಂಗ್ಲಿಷ್ ಆಯಿತು. ಒಂದು ನಿಮಿಷದ ಕೆಲಸಕ್ಕೆ ಆರು ತಿಂಗಳು ಕಾದಿದ್ದೆ.

ನಂತರ ಯಕ್ಷಗಾನದ ಆಟದ ಕಾಲ ಬಂತು. ಮೊದಲ ಬಯಲಾಟಕ್ಕೆ ಹೋದಾಗ ತಡೆ ಜೋರಾಗಿಯೇ ಇತ್ತು. ಭಾಗವತರ ಹಿಂದಿನ ಶ್ರುತಿ ಮಾತ್ರ ಇದ್ದಂತೆ ಇದ್ದು ಮಾಯವಾಗುತ್ತಿತ್ತು, ಅವರು ಒಂದೇ ಸ್ವರವನ್ನು ಉದ್ದಕ್ಕೆ ಎಳೆದಾಗ ದನಿ ನೀರಿನೊಳಗಿಂದ ಬಂದಂತೆ ನಡುಗುತ್ತಿತ್ತು. ಶ್ರುತಿಯೂ ಏರಿಳಿಯದ ಸದ್ದು, ಆದ್ದರಿಂದ ಸಾಧನದ ಲೆಕ್ಕದಲ್ಲಿ ಅದೂ ಫ್ಯಾನಿನ ಜಾತಿಯೇ. ಆ ನಡುಕಕ್ಕೆ ಕಾರಣ ಬೇರೆ: ಸಾಧನ ಸೀಟಿ ಹೊಡೆಯದಂತೆ ತಡೆಯುವ ವ್ಯವಸ್ಥೆ ಉದ್ದನೆಯ ಸ್ವರವನ್ನೇ ಸೀಟಿಯೆಂದು ಭ್ರಮಿಸುತ್ತದೆ. ಆ್ಯಪ್‌ನಲ್ಲಿ ಸಂಗೀತಕ್ಕೆಂದೇ ಇರುವ ಹೊಂದಾಣಿಕೆಯನ್ನು ಆಯ್ದುಕೊಂಡು, ಗದ್ದಲದ ತಡೆಯನ್ನು ಪೂರ್ತಿ ನಿಲ್ಲಿಸಿ, ಚಂಡೆಗಾಗಿ ಧ್ವನಿಯನ್ನು ಎರಡು ಮೆಟ್ಟಿಲು ಇಳಿಸಿದೆ. ಶ್ರುತಿ ಮರಳಿ ಬಂದು ನಿಂತಿತು. ಬೆಳಗಿನ ಜಾವದವರೆಗೂ ಕುಳಿತಿದ್ದೆ, ಹತ್ತು ವರ್ಷಗಳಲ್ಲಿ ಅದೇ ಮೊದಲು.

ಒಂದು ಕೊರತೆ ಈಗಲೂ ಉಳಿದಿದೆ. ಸಾಧನವನ್ನು ಡಬ್ಬಿಯಲ್ಲಿಟ್ಟು ಬೆಳಿಗ್ಗೆ ತೆಗೆದರೆ ಹಿಂದಿನ ದಿನ ಸರಿಸಿದ್ದೆಲ್ಲವೂ ಅಳಿಸಿ ಮೂಲಕ್ಕೆ ಮರಳಿರುತ್ತದೆ. ಬೇಕಾದ ಹೊಂದಾಣಿಕೆಯನ್ನು ಹೆಸರು ಕೊಟ್ಟು ಉಳಿಸಿಕೊಳ್ಳಬೇಕು. ಆ ಮೂಲವೇ ಕಿವಿಗೆ ಒಗ್ಗದಿದ್ದರೆ ಆ್ಯಪ್‌ನಿಂದ ಏನೂ ಆಗದು. ಅದನ್ನು ತಿದ್ದಲು ಕಂಪನಿಯ ತಂತ್ರಾಂಶವಿರುವ ಶ್ರವಣ ತಜ್ಞರೇ ಬೇಕು, ನನಗಂತೂ ಅದಕ್ಕೆ ಹುಬ್ಬಳ್ಳಿಯ ಬಸ್ಸು ಹತ್ತಬೇಕು. ಮಕ್ಕಳಿಂದ ಪರದೇಶದ ಸಾಧನ ತರಿಸುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳಲಿ.

ಹೆಸರು ಕೊಡುವ ಜಾಗದಲ್ಲಿ ಆ್ಯಪ್ ಕನ್ನಡವನ್ನು ಒಪ್ಪಿಕೊಂಡದ್ದು ನಾನು ನಿರೀಕ್ಷಿಸದ ಸಂತೋಷ. ಈಗ ಮೊದಲ ಪರದೆಯಲ್ಲೇ ನಾನು ಬರೆದ ಎರಡು ಗುಂಡಿಗಳಿವೆ: ಒಂದು "ಮಳೆ", ಇನ್ನೊಂದು "ಆಟ". ಉಳಿದದ್ದು ಯಾವ ಭಾಷೆಯಲ್ಲಿದೆಯೆಂದು ನೋಡುವುದನ್ನೇ ಬಿಟ್ಟಿದ್ದೇನೆ.