ಲೀನಿಯರ್ ಡ್ರೈನ್ ಮತ್ತು ಕೂದಲಿನ ಜಾಲರಿ: ಕೊಡಗಿನ ಹೋಂಸ್ಟೇಯೊಂದರ ಬಳಕೆಯ ಅನುಭವ

ಮಡಿಕೇರಿ ಸಮೀಪದ ನಮ್ಮ ಹೋಂಸ್ಟೇಯ ಹಳೆಯ ಬಚ್ಚಲುಮನೆಯಲ್ಲಿ ಡ್ರೈನ್ ನೆಲದ ನಡುವೆ ಇದೆ, ಇನ್ನೊಂದರಲ್ಲಿ ಮೂಲೆಯಲ್ಲಿದೆ, ಕೊನೆಯದಾಗಿ ಕಟ್ಟಿಸಿದ್ದರಲ್ಲಿ ಬಾಗಿಲಿನ ಎದುರು ಗೋಡೆಯ ಉದ್ದಕ್ಕೂ ಉದ್ದನೆಯ ಕಾಲುವೆಯಂಥ ಲೀನಿಯರ್ ಡ್ರೈನ್ ಕೂರಿಸಲಾಗಿದೆ. ಹಲವು ಮಳೆಗಾಲಗಳ ಬಳಕೆಯ ನಂತರ ಈ ವಿಮರ್ಶೆ ಬರೆಯುತ್ತಿದ್ದೇನೆ.

ನಡುವಿನ ಡ್ರೈನ್‌ಗೆ ನಾಲ್ಕೂ ಕಡೆಯಿಂದ ವಾಟ ಕೊಡಬೇಕಾಗುವುದರಿಂದ ಟೈಲ್‌ಗಳನ್ನು ಓರೆಯಾಗಿ ಕತ್ತರಿಸಬೇಕಾಗುತ್ತದೆ. ಮೂಲೆಯದಕ್ಕೆ ಎರಡು ಕಡೆಯ ವಾಟ ಸಾಕು. ಲೀನಿಯರ್‌ಗೆ ಒಂದೇ ಕಡೆ ಇಳಿಜಾರು ಬೇಕಾಗಿರುವುದರಿಂದ ದೊಡ್ಡ ಟೈಲ್‌ಗಳನ್ನು ಇಡಿಯಾಗಿ ಹಾಕಬಹುದು. ಅಡಿಗೆ ಕಾಲು ಇಂಚಿನ ಲೆಕ್ಕದಲ್ಲಿ ನಮ್ಮ ನಾಲ್ಕು ಅಡಿ ನೆಲಕ್ಕೆ ಒಂದು ಇಂಚು ವಾಟ ಕೊಡಿಸಿದೆವು. ಅಲ್ಲಿ ನೀರು ನಿಂತದ್ದನ್ನು ನಾನು ಕಂಡಿಲ್ಲ.

ಆದರೆ ನೆಲ ಬೇಗ ಒಣಗಿದರೂ ಡ್ರೈನಿನ ಒಳಗಿನ ಕಾಲುವೆಯ ತಳ ಬಹುತೇಕ ಸಮತಟ್ಟಾಗಿಯೇ ಇರುತ್ತದೆ. ತೋಟದಿಂದ ಬಂದವರ ಕಾಲಿನ ಕೆಂಪು ಮಣ್ಣು, ತಲೆಗೆ ಹಚ್ಚಿದ ಎಣ್ಣೆ, ಸೀಗೆಪುಡಿ ಎಲ್ಲವೂ ಅಲ್ಲಿ ತಂಗಿ ಲೋಳೆಯಾಗುತ್ತವೆ. ಕೂದಲು ಅದರೊಂದಿಗೆ ಹೆಣೆದುಕೊಂಡು ನೀರು ಕೊಳವೆಗಿಳಿಯುವ ಬಾಯಲ್ಲಿ ಗಂಟಾಗುತ್ತದೆ. ಆದ್ದರಿಂದ ಲೀನಿಯರ್ ಡ್ರೈನ್ ಕೊಳ್ಳುವಾಗ ಮೇಲಿನ ಮುಚ್ಚಳದ ಅಂದಕ್ಕಿಂತ, ಆ ಬಾಯಲ್ಲಿ ಕೂರುವ, ಕೈಯಿಂದ ಮೇಲೆತ್ತಬಹುದಾದ ಸ್ಟೀಲ್ ಬುಟ್ಟಿ ಇದೆಯೇ ಎಂದು ಮೊದಲು ನೋಡಬೇಕು. ಬುಟ್ಟಿಯ ತೂತುಗಳು ಮೂರು–ನಾಲ್ಕು ಮಿಲಿಮೀಟರ್ ಇದ್ದರೆ ಚೆನ್ನ. ಉದ್ದ ಕೂದಲು ತೂತಿನ ಮೇಲೆ ಅಡ್ಡ ಬಿದ್ದೇ ನಿಲ್ಲುವುದರಿಂದ ತೀರಾ ಸಣ್ಣ ಕಣ್ಣಿನ ಬಲೆ ಬೇಕಾಗುವುದಿಲ್ಲ. ನಮ್ಮಲ್ಲಿ ಅಂಥ ಬಲೆ ಮಳೆಗಾಲದ ಮಣ್ಣಿಗೆ ಬೇಗನೆ ಕಟ್ಟಿಕೊಂಡಿತು. ಮೂಲೆ ಮತ್ತು ನಡುವಿನ ಡ್ರೈನ್‌ಗಳಿಗೆ ಮೇಲೆ ಹಾಸುವ ಸಿಲಿಕೋನ್ ಜಾಲರಿ ಅನುಕೂಲಕರ, ಏಕೆಂದರೆ ಸೇರಿದ ಕೂದಲು ಕಣ್ಣಿಗೆ ಬೀಳುತ್ತದೆ.

ಅತಿಥಿಗಳು ಹೋದ ಕೂಡಲೇ ಬುಟ್ಟಿಯ ಕೂದಲನ್ನು ಕಸದ ಡಬ್ಬಕ್ಕೆ ಹಾಕುತ್ತೇವೆ. ವಾರಕ್ಕೊಮ್ಮೆ ಮುಚ್ಚಳ ತೆಗೆದು, ಕಾಲುವೆಯನ್ನು ಪಾತ್ರೆ ತೊಳೆಯುವ ಸೋಪು ಮತ್ತು ಬ್ರಷ್‌ನಿಂದ ಉಜ್ಜಿ, ಕೈ ತಾಳುವಷ್ಟು ಬಿಸಿ ನೀರು ಸುರಿಯುತ್ತೇವೆ. ಕುದಿಯುವ ನೀರಿಗೆ ಪಿವಿಸಿ ಕೊಳವೆ ಮೆತ್ತಗಾಗುತ್ತದೆ. ಆ್ಯಸಿಡ್ ಇರುವ ಕ್ಲೀನರ್ ಸ್ಟೀಲನ್ನು ತಿನ್ನುತ್ತದೆ, ಬ್ಲೀಚಿನೊಂದಿಗೆ ಸೇರಿದರೆ ವಿಷಾನಿಲವನ್ನೂ ಹೊರಬಿಡುತ್ತದೆ.

ನೀರು ನಿಧಾನವಾಗಿ ಇಳಿದರೆ ಬುಟ್ಟಿಯನ್ನು ತೆಗೆದು ಒಂದು ಬಕೆಟ್ ನೀರು ಸುರಿದು ನೋಡಿ. ಆಗ ಸರಾಗವಾಗಿ ಹೋದರೆ ತೊಂದರೆ ಬುಟ್ಟಿಯದು, ಆಗಲೂ ನಿಂತರೆ, ಕೊಳವೆಯ ವಾಸನೆ ಮೇಲೆ ಬರದಂತೆ ನೀರು ನಿಲ್ಲಿಸಿಕೊಳ್ಳುವ ಟ್ರ್ಯಾಪ್‌ನಲ್ಲಿ ಅಥವಾ ಕೊಳವೆಯಲ್ಲಿ ಏನೋ ಕಟ್ಟಿದೆ. ಬೇಸಿಗೆಯಲ್ಲಿ ಖಾಲಿ ಕೋಣೆಯಿಂದ ಬರುವ ವಾಸನೆಗೆ ಬಹಳ ಸಲ ಟ್ರ್ಯಾಪಿನ ನೀರು ಆರಿರುವುದೇ ಕಾರಣ. ಕೆಲವು ಚೊಂಬು ನೀರು ಹಾಕಿದರೆ ಸಾಕು.

ಹೊಸದಾಗಿ ನೆಲ ಹಾಕಿಸುವವರು, ಬುಟ್ಟಿ ಇರುವುದಾದರೆ ಮಾತ್ರ, ಲೀನಿಯರ್ ಡ್ರೈನ್ ಕೂರಿಸಿಕೊಳ್ಳಬಹುದು. ಹಳೆಯ ನೆಲವನ್ನು ಅದಕ್ಕಾಗಿಯೇ ಒಡೆಯುವ ಅಗತ್ಯವಿಲ್ಲ. ವಾಟ ಸರಿಯಿದ್ದರೆ ಮೂಲೆಯ ಡ್ರೈನ್‌ಗೆ ಒಳ್ಳೆಯ ಜಾಲರಿ ಹಾಕಿಸಿದರಾಯಿತು.