ರಾತ್ರಿ ಹನ್ನೆರಡಕ್ಕೆ ತಾನಾಗಿ ಹೋಗುವ ಶುಭಾಶಯ: ಯಾವ ದಾರಿ ನಂಬಬಹುದು?

ಹುಟ್ಟುಹಬ್ಬದ ಮೆಸೇಜ್ ತಾನಾಗಿ ಹೋಗಬೇಕು ಅಂದರೆ ಮೊದಲು ನೋಡಬೇಕಾದ್ದು ಒಂದೇ. ಹನ್ನೆರಡು ಗಂಟೆಗೆ ಅದನ್ನು ಕಳಿಸುವವರು ಯಾರು? ಆ್ಯಪ್‌ನ ಸರ್ವರೋ, ನಮ್ಮ ಫೋನೋ? ಸರ್ವರ್ ಕಳಿಸುವುದಾದರೆ ನಾವು ಫೋನ್ ಆಫ್ ಮಾಡಿ ಮಲಗಬಹುದು. ಫೋನೇ ಕಳಿಸಬೇಕಾದರೆ ಆ ಹೊತ್ತಿಗೆ ಅದು ಎಚ್ಚರವಾಗಿರಬೇಕು, ಚಾರ್ಜ್ ಇರಬೇಕು, ನೆಟ್ ಇರಬೇಕು.

ನನಗೆ ಕಳಿಸಬೇಕಿದ್ದದ್ದು ಅಮ್ಮನ ದೊಡ್ಡಮ್ಮನ ಮಗನಿಗೆ. ನಮಗೆ ಮಾವ ಆಗಬೇಕು. ವರ್ಷಕ್ಕೊಮ್ಮೆ ಮಾತಾಡಿದರೆ ಹೆಚ್ಚು. ಅವರಿರುವ ಕಡೆ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅವರಿಗೆ ಕಳಿಸುವ ಮೊದಲು ನನ್ನದೇ ಇನ್ನೊಂದು ನಂಬರಿಗೆ ಕಳಿಸಿ ನೋಡಿದೆ. ಫೋನ್ ಲಾಕ್ ಮಾಡಿ ಒಮ್ಮೆ, ನೆಟ್ ತೆಗೆದು ಒಮ್ಮೆ, ಪೂರ್ತಿ ಆಫ್ ಮಾಡಿ ಒಮ್ಮೆ.

ಈ ಮೂರರಲ್ಲೂ ಪಾಸಾದದ್ದು ಟೆಲಿಗ್ರಾಂ. ಮೆಸೇಜ್ ಬರೆದು ಸೆಂಡ್ ಬಟನ್ ಒತ್ತಿ ಹಿಡಿದರೆ "Schedule Message" ಬರುತ್ತದೆ. ದಿನ, ಗಂಟೆ ಆರಿಸಿದರೆ ಮುಗಿಯಿತು. ಆಮೇಲೆ ಅದು ಸರ್ವರ್‌ನಲ್ಲೇ ಕಾದು ಕೂತಿರುತ್ತದೆ. ಒಂದು ವರ್ಷ ಮುಂಚೆಯೇ ಬರೆದಿಡಬಹುದು. ಹೋದ ಮೇಲೆ ನಮಗೊಂದು ನೋಟಿಫಿಕೇಶನ್ ಬರುತ್ತದೆ, ಚಾಟ್‌ನಲ್ಲಿ ಮಾಮೂಲಿ ಮೆಸೇಜ್‌ನಂತೆಯೇ ಕಾಣುತ್ತದೆ. ಸೀಕ್ರೆಟ್ ಚಾಟ್‌ನಲ್ಲಿ ಮಾತ್ರ ಈ ಸೌಲಭ್ಯ ಇಲ್ಲ.

ಸಿಗ್ನಲ್‌ನ ಆಂಡ್ರಾಯ್ಡ್ ಆ್ಯಪ್‌ನಲ್ಲೂ ಹೀಗೇ ಸೆಂಡ್ ಬಟನ್ ಒತ್ತಿ ಹಿಡಿಯಬೇಕು. ನೋಡಲು ಎರಡೂ ಒಂದೇ, ಒಳಗೆ ಬೇರೆ. ಇಲ್ಲಿ ಮೆಸೇಜ್ ನಮ್ಮ ಫೋನಿನಲ್ಲೇ ಉಳಿದಿರುತ್ತದೆ, ಸಮಯ ಬಂದಾಗ ಫೋನೇ ಕಳಿಸಬೇಕು. ಗುಟ್ಟು ಕಾಯುವ ಆ್ಯಪ್ ಅಲ್ವಾ, ಅದಕ್ಕೆ ಹೀಗೆ ಮಾಡಿರುವುದು ಸರಿಯೇ. ಆದರೆ ಫೋನ್ ಆಫ್ ಆಗಿದ್ದರೆ ಹನ್ನೆರಡಕ್ಕೆ ಏನೂ ಹೋಗುವುದಿಲ್ಲ. ಗೂಗಲ್ ಮೆಸೇಜಸ್‌ನಿಂದ ಎಸ್ಎಂಎಸ್ ಶೆಡ್ಯೂಲ್ ಮಾಡಿದರೂ ಇದೇ ಕಥೆ.

ತೊಂದರೆ ಏನೆಂದರೆ, ಮಾವ ಇರುವುದು ವಾಟ್ಸಾಪ್‌ನಲ್ಲಿ. ದೂರದ ನೆಂಟರನ್ನು "ಶುಭಾಶಯ ಹೇಳಬೇಕು, ಬೇರೆ ಆ್ಯಪ್ ಹಾಕಿಕೊಳ್ಳಿ" ಎಂದು ಕೇಳಲು ಆಗುತ್ತದೆಯೇ? ನಾನು ನೋಡಿದಾಗ ನನ್ನ ವಾಟ್ಸಾಪ್‌ನಲ್ಲಿ ಶೆಡ್ಯೂಲ್ ಮಾಡುವ ಬಟನ್ ಇರಲಿಲ್ಲ. ಹಾಗಾಗಿ ಆಂಡ್ರಾಯ್ಡ್‌ಗೆಂದು ಸಿಗುವ ಒಂದು ಸಹಾಯಕ ಆ್ಯಪ್ ಹಾಕಿ ನೋಡಿದೆ.

ಇಂಥ ಆ್ಯಪ್‌ಗಳು ವಾಟ್ಸಾಪ್‌ನ ಒಳಗೆ ಹೋಗಿ ಏನನ್ನೂ ಕಳಿಸುವುದಿಲ್ಲ. ನಮ್ಮ ಬೆರಳು ಮಾಡುವ ಕೆಲಸವನ್ನೇ ಅವು ಮಾಡುತ್ತವೆ. ಹನ್ನೆರಡಕ್ಕೆ ಸ್ಕ್ರೀನ್ ಆನ್ ಮಾಡಿ, ಚಾಟ್ ತೆರೆದು, ಬರೆದಿಟ್ಟದ್ದನ್ನು ತುಂಬಿ, ಸೆಂಡ್ ಬಟನ್ ಒತ್ತುತ್ತವೆ. ಇದಕ್ಕೆ "Accessibility" ಅನುಮತಿ ಕೊಡಬೇಕು. ಕೊಟ್ಟರೆ ಸ್ಕ್ರೀನ್ ಮೇಲೆ ಬರುವುದನ್ನೆಲ್ಲ ಆ ಆ್ಯಪ್ ಓದಬಲ್ಲದು. ಒಂದು ಶುಭಾಶಯಕ್ಕೆ ಇದು ಜಾಸ್ತಿಯೇ ಆಯಿತು ಅನ್ನುವುದು ನನ್ನ ಅಭಿಪ್ರಾಯ. ಬ್ಯಾಂಕಿನ ಆ್ಯಪ್ ಇರುವ ಫೋನಿನಲ್ಲಿ ನಾನಂತೂ ಇದನ್ನು ಉಳಿಸಿಕೊಳ್ಳಲಿಲ್ಲ.

ಅದನ್ನು ಬದಿಗಿಟ್ಟರೂ ದೊಡ್ಡ ಅಡ್ಡಿ ಸ್ಕ್ರೀನ್ ಲಾಕ್. ಪಿನ್ ಅಥವಾ ಬೆರಳಚ್ಚು ಇದ್ದರೆ ಆ್ಯಪ್ ಬಾಗಿಲಲ್ಲೇ ನಿಲ್ಲುತ್ತದೆ. ಲಾಕ್ ತೆಗೆದಿಟ್ಟಾಗ ಹೋಯಿತು, ಲಾಕ್ ಇದ್ದಾಗ ಹೋಗಲಿಲ್ಲ. ಅದರ ಮೇಲೆ ಬ್ಯಾಟರಿ ಉಳಿಸುವ ಸೆಟ್ಟಿಂಗ್ ಬೇರೆ. ಫೋನ್ ಸುಮ್ನೆ ಮೇಜಿನ ಮೇಲೆ ಬಿದ್ದಿದ್ದರೆ ಹಿಂದೆ ಓಡುವ ಆ್ಯಪ್‌ಗಳನ್ನು ಆಂಡ್ರಾಯ್ಡ್ ಮಲಗಿಸಿಬಿಡುತ್ತದೆ. ಸಹಾಯಕ ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ತೆಗೆದು, "Alarms & reminders" ಅನುಮತಿಯನ್ನೂ ಕೊಟ್ಟರೆ ಮಾತ್ರ ಸಮಯಕ್ಕೆ ಸರಿಯಾಗಿ ಏಳುತ್ತದೆ ಅನ್ನಬಹುದು.

ಇನ್ನೊಂದು ಕಡೆ ಗಮನ ಇರಲಿ. ನೆಟ್ ತೆಗೆದು ನೋಡಿದಾಗ ಸಹಾಯಕ ಆ್ಯಪ್ "ಕಳಿಸಲಾಗಿದೆ" ಎಂದು ಹಸಿರು ಗುರುತು ತೋರಿಸಿತು. ವಾಟ್ಸಾಪ್ ತೆರೆದರೆ ಮೆಸೇಜ್ ಪಕ್ಕ ಸಣ್ಣ ಗಡಿಯಾರದ ಗುರುತು. ಅಂದರೆ ಮೆಸೇಜ್ ಇನ್ನೂ ಫೋನ್ ಬಿಟ್ಟು ಹೊರಟೇ ಇಲ್ಲ. ಸಹಾಯಕ ಆ್ಯಪ್‌ಗೆ ಗೊತ್ತಿರುವುದು ತಾನು ಬಟನ್ ಒತ್ತಿದೆ ಎಂಬುದಷ್ಟೇ. ಒಂದು ಟಿಕ್ ಬಂದರೆ ಸರ್ವರ್ ಮುಟ್ಟಿತು, ಎರಡು ಬಂದರೆ ಅವರ ಫೋನ್ ಮುಟ್ಟಿತು. ನಂಬಬೇಕಾದ್ದು ಟಿಕ್ ಅನ್ನು.

ವಾಟ್ಸಾಪ್‌ನಲ್ಲೇ, ತಾನಾಗಿಯೇ ಹೋಗಬೇಕು ಎಂಬ ಹಟ ಇದ್ದರೆ ಒಂದು ದಾರಿ ಇದೆ. ಹಳೆಯ ಆಂಡ್ರಾಯ್ಡ್ ಫೋನ್ ಒಂದನ್ನು ಅದೇ ಖಾತೆಗೆ "Linked devices" ಮೂಲಕ ಜೋಡಿಸಿ, ಲಾಕ್ ಇಲ್ಲದೆ ಚಾರ್ಜರ್‌ಗೆ ಹಾಕಿಟ್ಟು, ಸಹಾಯಕ ಆ್ಯಪ್ ಅನ್ನು ಅದರಲ್ಲೇ ಓಡಿಸುವುದು. ಕೆಲಸವೇನೋ ಆಗುತ್ತದೆ. ಆದರೆ ನಮ್ಮ ಚಾಟ್‌ಗಳೆಲ್ಲ ಇರುವ ಫೋನ್ ಬೀಗ ಇಲ್ಲದೆ ಮನೆಯಲ್ಲಿ ಬಿದ್ದಿರುತ್ತದೆ.

ನಾನು ಕೊನೆಗೆ ಮಾವನಿಗೆ ಆರಿಸಿಕೊಂಡದ್ದು ಅರ್ಧ ಆಟೊಮ್ಯಾಟಿಕ್ ದಾರಿ. ಗೂಗಲ್ ಕ್ಯಾಲೆಂಡರ್‌ನಲ್ಲಿ ಪ್ರತಿ ವರ್ಷ ಬರುವ ಒಂದು ಈವೆಂಟ್. ಅದರ ವಿವರದಲ್ಲಿ ಈ ಲಿಂಕ್:

```
https://wa.me/<number>?text=ಹುಟ್ಟುಹಬ್ಬದ%20ಶುಭಾಶಯಗಳು%20ಮಾವ
```

`<number>` ಇರುವ ಕಡೆ ದೇಶದ ಕೋಡ್ ಸಮೇತ ನಂಬರ್ ಹಾಕಬೇಕು. ಪ್ಲಸ್ ಬೇಡ, ಮುಂದೆ ಸೊನ್ನೆ ಬೇಡ, ನಡುವೆ ಜಾಗ ಬೇಡ. ಪದಗಳ ನಡುವೆ `%20` ಇರಬೇಕು, ಇಲ್ಲದಿದ್ದರೆ ಲಿಂಕ್ ಮೊದಲ ಪದಕ್ಕೇ ತುಂಡಾಗಬಹುದು. ಅಲಾರಂ ಬಂದಾಗ ಲಿಂಕ್ ಒತ್ತಿದರೆ ಬರೆದ ಮೆಸೇಜ್ ಸಮೇತ ಚಾಟ್ ತೆರೆಯುತ್ತದೆ. ಸೆಂಡ್ ಮಾತ್ರ ನಾವೇ ಒತ್ತಬೇಕು.

ನಿದ್ದೆಗೆಡುವವರಿಗೆ ಇದೇನು ಸುಖ ಎಂದು ಕೇಳಬಹುದು. ಸುಖ ಇರುವುದು ಸಮಯದ ಲೆಕ್ಕದಲ್ಲಿ. ಮಾವನ ಹುಟ್ಟುಹಬ್ಬ 18ಕ್ಕೆ ಎಂದುಕೊಳ್ಳಿ. ಅವರ ಮಧ್ಯರಾತ್ರಿ ಅಂದರೆ ನಮಗೆ 18ರ ಬೆಳಗಿನ 4:30. ಅವರು ನಾಲ್ಕೂವರೆ ಗಂಟೆ ಮುಂದಿದ್ದಿದ್ದರೆ 17ರ ಸಂಜೆ 7:30. ಟೆಲಿಗ್ರಾಂನಲ್ಲಿ ನಾವು ಆರಿಸುವುದು ನಮ್ಮ ಗಡಿಯಾರದ ಸಮಯ. ಎರಡು ತಿಂಗಳ ಮುಂಚೆ ಬೆಳಿಗ್ಗೆ 4:30ಕ್ಕೆ ಎಂದು ಇಟ್ಟೆವು, ನಡುವೆ ಚಳಿಗಾಲ ಬಂದು ಅಲ್ಲಿನ ಗಡಿಯಾರ ಒಂದು ಗಂಟೆ ಹಿಂದೆ ಹೋಯಿತು. ಆಗ ಮೆಸೇಜ್ ಅವರಿಗೆ 17ರ ರಾತ್ರಿ 11ಕ್ಕೇ ಸಿಗುತ್ತದೆ. ಕ್ಯಾಲೆಂಡರ್‌ನಲ್ಲಿ ಹಾಗಲ್ಲ. ಈವೆಂಟಿಗೆ ಅವರ ಊರಿನ ಟೈಮ್ ಝೋನ್ ಕೊಟ್ಟುಬಿಟ್ಟರೆ ಈ ಏರುಪೇರು ಅದೇ ನೋಡಿಕೊಳ್ಳುತ್ತದೆ.

ನೆಂಟರು ನಮ್ಮದೇ ಸಮಯದಲ್ಲಿದ್ದರೂ ಒಂದು ಗೊಂದಲ ಇದ್ದೇ ಇದೆ. 18ರ ಮಧ್ಯರಾತ್ರಿ ಅಂದರೆ 18, 12:00 AM. 17 ಎಂದು ಆರಿಸಿದರೆ ಒಂದು ದಿನ ಮುಂಚೆ ಹೋಗುತ್ತದೆ, PM ಎಂದರೆ ಮಧ್ಯಾಹ್ನ ಹೋಗುತ್ತದೆ. ಫೋನನ್ನು 24 ಗಂಟೆಯ ಗಡಿಯಾರಕ್ಕೆ ಬದಲಿಸಿದರೆ 00:00 ಎಂದು ಕಾಣುತ್ತದೆ, AM-PM ತಲೆನೋವು ಇರುವುದಿಲ್ಲ. ನಾನು 00:03 ಇಡುತ್ತೇನೆ. ಸರಿಯಾಗಿ ಸೊನ್ನೆಗೆ ಬಂದರೆ ಯಂತ್ರ ಕಳಿಸಿದ್ದು ಎಂದು ಎದ್ದು ಕಾಣುತ್ತದೆ.

ಟೆಲಿಗ್ರಾಂನಲ್ಲಿರುವ ನೆಂಟರಿಗೆ ಮಾತ್ರ ನಾನು ಪೂರ್ತಿ ಸರ್ವರ್‌ಗೇ ಬಿಡುತ್ತೇನೆ. ಆದರೂ ವರ್ಷ ಮುಂಚೆ ಇಡುವುದಿಲ್ಲ, ಹಿಂದಿನ ವಾರ ಇಡುತ್ತೇನೆ. ದೂರದ ನೆಂಟರ ಮನೆಯ ಸುದ್ದಿ ನಮಗೆ ತಡವಾಗಿ ಮುಟ್ಟುತ್ತದೆ. ಸೂತಕದ ಮನೆಗೆ ಕೇಕಿನ ಚಿತ್ರ ಹೋದರೆ ಚೆನ್ನಾಗಿರುವುದಿಲ್ಲ. ಅಂಥ ಸುದ್ದಿ ಬಂದರೆ ಆ ಚಾಟ್ ತೆರೆದು, ಬರೆಯುವ ಜಾಗದ ಪಕ್ಕದಲ್ಲಿರುವ ಗಡಿಯಾರದ ಗುರುತು ಒತ್ತಿ. ಕಾಯುತ್ತಿರುವ ಮೆಸೇಜ್‌ಗಳ ಪಟ್ಟಿ ಬರುತ್ತದೆ. ಅಲ್ಲೇ ಅಳಿಸಬಹುದು, ಸಮಯ ಬದಲಿಸಲೂಬಹುದು.